ಒಂದೇ ಇಳುವರಿ ಎಲ್ಲ ಕಂತಿಗೂ ಸಲ್ಲದು

ಓದುಗರ ಪತ್ರ:

ಒಂದೇ ಸಂಸ್ಥೆಯ ಮೂರು ಬಾಂಡ್‌ಗಳ ಬೆಲೆ ನನ್ನ ಮುಂದಿದೆ. ಎಲ್ಲದರ ಮುಖಬೆಲೆ 100, ಬಡ್ಡಿ ಅಂದರೆ ಕೂಪನ್ ವರ್ಷಕ್ಕೊಮ್ಮೆ. ಒಂದು ವರ್ಷದ್ದು, ಕೂಪನ್ 4, ಬೆಲೆ 99.05. ಎರಡು ವರ್ಷದ್ದು, ಕೂಪನ್ 5, ಬೆಲೆ 98.20. ಮೂರು ವರ್ಷದ್ದು, ಕೂಪನ್ 6, ಬೆಲೆ 97.40. ಅದೇ ಸಂಸ್ಥೆಯ ಇನ್ನೊಂದು ಮೂರು ವರ್ಷದ ಬಾಂಡ್ 10 ಕೂಪನ್ ಕೊಡುತ್ತದೆ. ಮೂರನೆಯ ಬಾಂಡ್‌ನ ಇಳುವರಿ 6.99%. ಅದೇ ದರ ಹಾಕಿದರೆ ಹೊಸದರ ಬೆಲೆ 107.90 ಬರುತ್ತದೆ, ಮಾರುವವರು 108.03 ಕೇಳುತ್ತಿದ್ದಾರೆ. ದುಬಾರಿಯಲ್ಲವೇ? ಶೂನ್ಯ ಕೂಪನ್ ರೇಖೆ ಕಟ್ಟಿ ನೋಡಿ ಎನ್ನುತ್ತಾರೆ, ಆದರೆ ಶೂನ್ಯ ಕೂಪನ್ ಬಾಂಡ್ ಒಂದೂ ಮಾರಾಟಕ್ಕಿಲ್ಲದಿರುವಾಗ ರೇಖೆ ಎಲ್ಲಿಂದ ತರುವುದು? ಎರಡೂವರೆ ವರ್ಷ ಉಳಿದಿರುವ, 8 ಕೂಪನ್‌ನ ಬಾಂಡ್ ಒಂದಿದೆ, ಅದಕ್ಕೂ ಈ ರೇಖೆ ಸಾಕೇ?
— ಓದುಗರೊಬ್ಬರು

ಸಂಪಾದಕರ ಉತ್ತರ:

ದುಬಾರಿಯಲ್ಲ. 108.03 ಸರಿಯಾದ ಬೆಲೆ. ಎಡವಿರುವುದು ನಿಮ್ಮ 107.90. ಕೂಡಿಕಳೆಯುವುದರಲ್ಲಿ ತಪ್ಪಿಲ್ಲ, ಆರಿಸಿಕೊಂಡ ದರದಲ್ಲಿ ತಪ್ಪಿದೆ.

ಶೂನ್ಯ ಕೂಪನ್ ಬಾಂಡ್, ಅಂದರೆ ನಡುವೆ ಬಡ್ಡಿ ಕೊಡದೆ ಕೊನೆಯಲ್ಲಿ ಒಂದೇ ಕಂತು ಕೊಡುವ ಬಾಂಡ್, ಪೇಟೆಯಲ್ಲಿ ಇರಲೇಬೇಕೆಂದಿಲ್ಲ. ಕೂಪನ್ ಬಾಂಡ್‌ಗಳ ಬೆಲೆಯೊಳಗೇ ಅದು ಅಡಗಿದೆ, ಚಿಕ್ಕ ಅವಧಿಯಿಂದ ದೊಡ್ಡ ಅವಧಿಯ ಕಡೆಗೆ ಒಂದೊಂದಾಗಿ ಬಿಡಿಸಿಕೊಳ್ಳಬೇಕು. ಈ ಬಿಡಿಸುವಿಕೆಗೆ ಬೂಟ್‌ಸ್ಟ್ರ್ಯಾಪಿಂಗ್ ಎನ್ನುತ್ತಾರೆ. ಮೊದಲು ದರದ ಯೋಚನೆಯನ್ನು ಬದಿಗಿಡಿ. ನಮಗೆ ಬೇಕಾದದ್ದು ಡಿಸ್ಕೌಂಟ್ ಫ್ಯಾಕ್ಟರ್, ಅಂದರೆ ಇಂತಿಷ್ಟು ವರ್ಷದ ನಂತರ ಕೈಸೇರುವ 1ಕ್ಕೆ ಇಂದಿನ ಬೆಲೆ. ಅದನ್ನು d ಎನ್ನೋಣ.

ಒಂದು ವರ್ಷದ ಬಾಂಡ್ ಕೊಡುವುದು ಒಂದೇ ಕಂತು, 104. ಅದರ ಬೆಲೆ 99.05 ಆದ್ದರಿಂದ d1 ನೇರವಾಗಿ ಸಿಗುತ್ತದೆ. ಎರಡು ವರ್ಷದ ಬಾಂಡ್‌ನಲ್ಲಿ ಕಂತು ಎರಡು, ಆದರೆ ಮೊದಲ ಕಂತಿನ ಬೆಲೆ ಈಗಾಗಲೇ ಗೊತ್ತು. ಅದನ್ನು ಕಳೆದರೆ ಉಳಿಯುವುದು ಕೊನೆಯ 105ರ ಬೆಲೆ ಮಾತ್ರ. ಮೂರನೆಯದಕ್ಕೂ ಇದೇ ಕ್ರಮ.

```
d1 = 99.05 / 104                              = 0.9524
d2 = (98.20 - 5 × 0.9524) / 105               = 0.8899
d3 = (97.40 - 6 × (0.9524 + 0.8899)) / 106    = 0.8146
```

ಇಲ್ಲಿ ನಾಲ್ಕು ದಶಮಾಂಶ ಬರೆದಿದ್ದೇನೆ, ನೀವು ಲೆಕ್ಕ ಮಾಡುವಾಗ ಆರಾದರೂ ಉಳಿಸಿಕೊಳ್ಳಿ. ದರವಾಗಿ ನೋಡಬೇಕೆಂದರೆ 1/dಯ ವರ್ಗಮೂಲ, ಘನಮೂಲ ತೆಗೆದು 1 ಕಳೆಯಬೇಕು. ಒಂದು ವರ್ಷಕ್ಕೆ 5.00%, ಎರಡು ವರ್ಷಕ್ಕೆ 6.01%, ಮೂರು ವರ್ಷಕ್ಕೆ 7.07%. ಇದೇ ನಿಮ್ಮ ಶೂನ್ಯ ಕೂಪನ್ ರೇಖೆ. ಕೊನೆಯ ಬಿಂದು 7.07% ಇರುವಾಗ ಅದೇ ಅವಧಿಯ ಬಾಂಡ್‌ನ ಇಳುವರಿ 6.99% ಇರುವುದನ್ನು ಗಮನಿಸಿ. ನಿಮ್ಮ ಪ್ರಶ್ನೆಗೆ ಉತ್ತರ ಆ ಅಂತರದಲ್ಲಿಯೇ ಇದೆ.

ಇಳುವರಿ ಎನ್ನುವುದು ಒಂದು ಬಾಂಡ್‌ನ ಎಲ್ಲ ಕಂತುಗಳಿಗೂ ಒಂದೇ ದರ ಹಾಕಿ, ಒಟ್ಟು ಬೆಲೆ ಹೊಂದುವಂತೆ ಮಾಡಿದ ಸರಾಸರಿ. ನಿಮ್ಮ ಮೂರನೆಯ ಬಾಂಡ್‌ನ ಬೆಲೆಯಲ್ಲಿ ಸುಮಾರು 89% ಪಾಲು ಮೂರನೆಯ ವರ್ಷದ 106ರದ್ದು. ಆದ್ದರಿಂದ ಸರಾಸರಿ 7.07%ಗೆ ಹತ್ತಿರವೇ ನಿಂತಿದೆ, ಮೊದಲೆರಡು ಕಂತುಗಳು ಅದನ್ನು ತುಸು ಕೆಳಗೆಳೆದಿವೆ. 10 ಕೂಪನ್‌ನ ಬಾಂಡ್‌ನಲ್ಲಿ ಕೊನೆಯ ಕಂತಿನ ಪಾಲು 83% ಮಾತ್ರ. ಹೆಚ್ಚು ಹಣ ಬೇಗ ಬರುತ್ತದೆ, ಬೇಗ ಬರುವ ಹಣಕ್ಕೆ ಈ ಪೇಟೆಯಲ್ಲಿ ದರ ಕಡಿಮೆ. ಹೀಗಾಗಿ ಅದರ ಸರಾಸರಿ ಇನ್ನೂ ಕೆಳಗಿರಬೇಕು. 108.03 ಬೆಲೆಗೆ ಅದರ ಇಳುವರಿ 6.94% ಆಗುತ್ತದೆ. ಮೇಲೇರುವ ರೇಖೆಯಲ್ಲಿ ಒಂದೇ ಅವಧಿಯ ಬಾಂಡ್‌ಗಳ ಪೈಕಿ ಕೂಪನ್ ಹೆಚ್ಚಿರುವುದರ ಇಳುವರಿ ಕಡಿಮೆ ಇರುತ್ತದೆ, ಇಳಿಯುವ ರೇಖೆಯಲ್ಲಿ ಇದರ ತದ್ವಿರುದ್ಧ. ಇಳುವರಿ ಕಡಿಮೆ ಎಂಬ ಒಂದೇ ಕಾರಣಕ್ಕೆ ಬಾಂಡನ್ನು ದುಬಾರಿ ಎನ್ನುವ ಅಭ್ಯಾಸ ಅನುಭವಿಗಳಲ್ಲೂ ಇದೆ, ನೀವೊಬ್ಬರೇ ಅಲ್ಲ.

ಬೆಲೆ ಕಟ್ಟುವುದಕ್ಕೆ ಇನ್ನೂ ಸುಲಭವಾದ ದಾರಿಯಿದೆ. ಹೊಸ ಬಾಂಡ್ ನಿಮ್ಮ ಮೂರನೆಯ ಬಾಂಡ್‌ಗಿಂತ ಪ್ರತಿ ವರ್ಷ 4 ಹೆಚ್ಚು ಕೊಡುತ್ತದೆ, ಅಷ್ಟೇ ವ್ಯತ್ಯಾಸ. ಮೂರು ಸಲ ಬರುವ ಈ ನಾಲ್ಕಕ್ಕೆ ಇಂದಿನ ಬೆಲೆ 4 × (0.9524 + 0.8899 + 0.8146), ಅಂದರೆ 10.63. ಇದಕ್ಕೆ 97.40 ಸೇರಿಸಿದರೆ 108.03. ನಿಮ್ಮ ಲೆಕ್ಕದಲ್ಲಿ ಇದೇ ಮೂರು ಕಂತುಗಳಿಗೆ 6.99% ಬಿದ್ದು ಅವು 10.50 ಮಾತ್ರ ಆದವು. ಒಂದು ವರ್ಷದ ಹಣಕ್ಕೆ ಪೇಟೆ 5%, ಎರಡು ವರ್ಷದ ಹಣಕ್ಕೆ 6.01% ಕೇಳುತ್ತಿರುವಾಗ ನೀವು ಎರಡಕ್ಕೂ 6.99% ಕಳೆದಿದ್ದೀರಿ. ಕಾಣೆಯಾದ 0.13 ಹೋದದ್ದು ಅಲ್ಲಿ.

ಇದು ಬರೀ ಕಾಗದದ ಲೆಕ್ಕ ಎನಿಸಿದರೆ ಹೀಗೆ ಪರೀಕ್ಷಿಸಿ. 10 ಕೂಪನ್‌ನ ಸಾವಿರ ಬಾಂಡ್‌ಗಳು ಕೊಡುವ ಹಣವನ್ನೇ ನಿಮ್ಮ ಮೂರು ಬಾಂಡ್‌ಗಳಿಂದ ಹೊಂದಿಸಬಹುದು. ಹಿಂದಿನಿಂದ ಶುರುಮಾಡಬೇಕು. ಮೂರನೆಯ ವರ್ಷ 1,10,000 ಬೇಕು, ಒಂದೊಂದು ಮೂರು ವರ್ಷದ ಬಾಂಡ್ 106 ಕೊಡುತ್ತದೆ, ಆದ್ದರಿಂದ 1,037.7 ಬಾಂಡ್‌ಗಳು. ಅವುಗಳ ಕೂಪನ್‌ನಿಂದ ಎರಡನೆಯ ವರ್ಷ 6,226 ಬರುತ್ತದೆ. 10,000ಕ್ಕೆ ಕಡಿಮೆಬಿದ್ದ 3,774ನ್ನು ಎರಡು ವರ್ಷದ 35.9 ಬಾಂಡ್‌ಗಳು ತುಂಬುತ್ತವೆ. ಮೊದಲ ವರ್ಷದ ಕೊರತೆಗೆ ಒಂದು ವರ್ಷದ 34.6 ಬಾಂಡ್ ಸಾಕು. ದಶಮಾಂಶಗಳನ್ನು ಪೂರ್ತಿ ಉಳಿಸಿಕೊಂಡು ಈ ಗಂಟಿನ ಖರೀದಿ ಬೆಲೆ ಹಾಕಿದರೆ ಒಂದು ಬಾಂಡ್‌ಗೆ 108.03 ಬೀಳುತ್ತದೆ. ಯಾರಾದರೂ ನಿಜವಾಗಿ 107.90ಕ್ಕೆ ಮಾರುವುದಾದರೆ, ಅದನ್ನು ಕೊಂಡು ಈ ಗಂಟನ್ನು ಮಾರಿದವರಿಗೆ ಕಂತುಗಳ ಲೆಕ್ಕ ಚುಕ್ತಾ ಆಗಿ 0.13 ಕೈಯಲ್ಲಿ ಉಳಿಯುತ್ತದೆ. ಖರೀದಿ ಮತ್ತು ಮಾರಾಟ ಬೆಲೆಗಳ ನಡುವಿನ ಅಂತರ ಆ 0.13ನ್ನು ನುಂಗದಿದ್ದರೆ ಎಂಬ ಷರತ್ತು ಇದ್ದೇ ಇದೆ.

ಗಂಟಿನ ಈ ಬಾಂಡ್ ಸಂಖ್ಯೆಗಳು ಇನ್ನೊಂದು ವಿಷಯವನ್ನೂ ಹೇಳುತ್ತವೆ. ಬೆಲೆಪಟ್ಟಿಯಲ್ಲಿ ಎರಡು ವರ್ಷದ ಬಾಂಡ್‌ನ ನಿಜವಾದ ಬೆಲೆ 98.20ರ ಬದಲು ಹಳೆಯ ವ್ಯವಹಾರದ 98.70 ಉಳಿದುಬಿಟ್ಟಿತ್ತು ಎಂದುಕೊಳ್ಳಿ. ಆಗ ನಿಮ್ಮ 10 ಕೂಪನ್‌ನ ಬಾಂಡ್‌ಗೆ ಆಗುವ ವ್ಯತ್ಯಾಸ 0.50ರಲ್ಲಿ ಸಾವಿರಕ್ಕೆ 35.9 ಪಾಲು, ಅಂದರೆ 0.02ಕ್ಕೂ ಕಡಿಮೆ. ನೆಮ್ಮದಿಯಾಗಿ ನಿದ್ದೆ ಮಾಡಬಹುದು. ಆದರೆ ಅದೇ ರೇಖೆಯಿಂದ ಎರಡು ವರ್ಷದ ಶೂನ್ಯ ಕೂಪನ್ ಬಾಂಡ್‌ಗೆ ಬೆಲೆ ಕಟ್ಟಿದ್ದರೆ 0.48ರಷ್ಟು ತಪ್ಪುತ್ತಿತ್ತು. ರೇಖೆ ಕಟ್ಟಲು ಬಳಸಿದ ಬಾಂಡ್‌ಗಳಂತೆಯೇ ಕಾಣುವ ಬಾಂಡ್‌ಗೆ ಬೆಲೆ ಕಟ್ಟುವಾಗ ತಪ್ಪು ಹೆಚ್ಚು ಹರಡುವುದಿಲ್ಲ, ಬೇರೆ ಆಕಾರದ ಹಣಕ್ಕೆ ಕಟ್ಟುವಾಗ ಪೂರ್ತಿ ಮೈಮೇಲೆ ಬರುತ್ತದೆ.

ಕೆಟ್ಟ ಬೆಲೆಯನ್ನು ಹಿಡಿಯುವುದು ಹೇಗೆ? ಶೂನ್ಯ ದರಗಳನ್ನು ನೋಡಿದರೆ ಸುಳಿವು ಸಿಗುವುದು ಕಷ್ಟ. 98.70 ಹಾಕಿದಾಗ ಎರಡನೆಯ ವರ್ಷದ ದರ 6.01%ರಿಂದ 5.72%ಗೆ ಇಳಿಯುತ್ತದೆ, ಮೂರನೆಯದು 7.07%ರಿಂದ 7.09%ಗೆ ತುಸು ಏರುತ್ತದೆ. 5.00, 5.72, 7.09 ಎಂಬ ಸಾಲಿನಲ್ಲಿ ಯಾರಿಗೂ ಅನುಮಾನ ಬಾರದಿರಬಹುದು. ಫಾರ್ವರ್ಡ್ ದರ ತೆಗೆದು ನೋಡಿ, ಅಂದರೆ ಒಂದೊಂದು ವರ್ಷಕ್ಕೆ ಪ್ರತ್ಯೇಕವಾಗಿ ಬೀಳುವ ದರ. ಅದು d1/d2 - 1, d2/d3 - 1 ಇಷ್ಟೇ. ನೀವು ಕೊಟ್ಟ ಬೆಲೆಗಳಲ್ಲಿ ಅವು 5.00, 7.03, 9.24. ಒಂದೇ ಹದದಲ್ಲಿ ಏರುತ್ತಿವೆ. 98.70 ಹಾಕಿದರೆ 5.00, 6.46, 9.86. d2 ಒಂದು ಕಡೆ ಛೇದದಲ್ಲಿ, ಇನ್ನೊಂದು ಕಡೆ ಅಂಶದಲ್ಲಿ ಬರುವುದರಿಂದ ತಪ್ಪಿನ ಒಂದು ಬದಿಗೆ ತಗ್ಗು, ಇನ್ನೊಂದು ಬದಿಗೆ ಉಬ್ಬು ಮೂಡುತ್ತದೆ. ಹೀಗೆ ಜೋಡಿಯಾಗಿ ತಗ್ಗು ಉಬ್ಬು ಕಂಡರೆ ನಡುವಿನ ಬಾಂಡ್‌ನ ಬೆಲೆಯನ್ನು ಮತ್ತೆ ವಿಚಾರಿಸಿ. ಮೂರೇ ಬಿಂದುಗಳಿರುವಾಗ ಇದು ಸಂಶಯ ಮಾತ್ರ, ಹತ್ತು ಹದಿನೈದು ಬಿಂದುಗಳಿದ್ದರೆ ಗರಗಸದ ಹಲ್ಲಿನ ಹಾಗೆ ಎದ್ದು ಕಾಣುತ್ತದೆ. ನಿಮ್ಮ ಬೆಲೆಗಳಲ್ಲಿ ಅಂಥ ಲಕ್ಷಣವಿಲ್ಲ. ಹಾಂ, ಮೂರೂ ಒಂದೇ ಸಂಸ್ಥೆಯವು ಎಂದು ಬರೆದಿದ್ದೀರಿ, ಅದೂ ಮುಖ್ಯ. ಬೇರೆ ಬೇರೆ ಸಾಲಗಾರರ ಬಾಂಡ್‌ಗಳನ್ನು ಬೆರೆಸಿದರೆ ಸಾಲ ಮುಳುಗುವ ಭಯದ ಬೆಲೆಯೂ ರೇಖೆಯೊಳಗೆ ಸೇರಿ, ಅದನ್ನು ಕಾಲದ ಬೆಲೆ ಎಂದು ಓದಿಬಿಡುತ್ತೀರಿ.

ಇನ್ನು ಎರಡೂವರೆ ವರ್ಷದ ಬಾಂಡ್. ಇಲ್ಲಿ ನನ್ನ ದನಿ ಅಷ್ಟು ಗಟ್ಟಿಯಿಲ್ಲ, ಏಕೆಂದರೆ ನಿಮ್ಮ ರೇಖೆ ಗೊತ್ತುಮಾಡಿರುವುದು ಮೂರು ಬಿಂದುಗಳನ್ನು ಮಾತ್ರ. ಈ ಬಾಂಡ್‌ನ ಕಂತುಗಳು ಬರುವುದು ಅರ್ಧ, ಒಂದೂವರೆ, ಎರಡೂವರೆ ವರ್ಷಕ್ಕೆ, ಒಂದೂ ಬಿಂದುವಿನ ಮೇಲೆ ಕೂರುವುದಿಲ್ಲ. ನಡುವಿನ ಜಾಗ ತುಂಬುವುದು ನಿಮ್ಮ ಊಹೆ. ಎರಡು ಬಿಂದುಗಳ ನಡುವೆ ಫಾರ್ವರ್ಡ್ ದರ ಬದಲಾಗುವುದಿಲ್ಲ ಎಂದು ಊಹಿಸಿದರೆ ನಡುವಿನ d ಎಂದರೆ ಅಕ್ಕಪಕ್ಕದ ಎರಡರ ಗುಣಲಬ್ಧದ ವರ್ಗಮೂಲ. ಒಂದೂವರೆ ವರ್ಷಕ್ಕೆ 0.9206, ಎರಡೂವರೆಗೆ 0.8514. ಶೂನ್ಯ ದರವೇ ಸರಳ ರೇಖೆಯಲ್ಲಿ ಏರುತ್ತದೆ ಎಂದು ಊಹಿಸಿದರೆ 0.9228 ಮತ್ತು 0.8535. ಅರ್ಧ ವರ್ಷಕ್ಕೆ ಎರಡರಲ್ಲೂ 0.9759, ಅಲ್ಲಿ 5% ಅನ್ನೇ ಹಿಂದಕ್ಕೂ ಎಳೆದಿದ್ದೇನೆ. 8, 8, 108 ಎಂಬ ಕಂತುಗಳಿಗೆ ಬೆಲೆ ಮೊದಲ ರೀತಿಯಲ್ಲಿ 107.12, ಎರಡನೆಯ ರೀತಿಯಲ್ಲಿ 107.37. ಎರಡು ಊಹೆಗಳೂ ನಿಮ್ಮ ಮೂರು ಬಾಂಡ್‌ಗಳ ಬೆಲೆಯನ್ನು ಚಾಚೂ ತಪ್ಪದೆ ಹೊಂದಿಸುತ್ತವೆ, ಹಾಗಿದ್ದೂ ಅವುಗಳ ನಡುವಿನ ಅಂತರ 0.25, ನೀವು ಪತ್ರ ಬರೆಯುವಂತೆ ಮಾಡಿದ 0.13ಕ್ಕಿಂತ ಹೆಚ್ಚು.

ಇವೆರಡರಲ್ಲಿ ಒಂದನ್ನು ಆರಿಸು ಎಂದರೆ, ಇಷ್ಟು ಕಡಿದಾಗಿ ಏರುವ ರೇಖೆಗೆ ನಾನು ಎರಡನೆಯದರ ಕಡೆ ವಾಲುತ್ತೇನೆ. ಮೊದಲನೆಯದು ದರವನ್ನು ವರ್ಷದ ಕೊನೆಯ ದಿನ ಇದ್ದಕ್ಕಿದ್ದಂತೆ 7.03%ರಿಂದ 9.24%ಗೆ ಹಾರಿಸುತ್ತದೆ. ಎರಡನೆಯದರಲ್ಲಿ ಒಂದು ವರ್ಷದ ನಂತರದ ಅರ್ಧರ್ಧ ವರ್ಷದ ದರಗಳು ವಾರ್ಷಿಕ ಲೆಕ್ಕದಲ್ಲಿ 6.52, 7.53, 8.70, 9.79 ಎಂದು ಹೆಚ್ಚುಕಡಿಮೆ ಸಮನಾಗಿ ಏರುತ್ತವೆ. ಆದರೂ ಪೇಟೆಯಲ್ಲಿ 107.12 ಮತ್ತು 107.37ರ ನಡುವೆ ಯಾವ ಬೆಲೆ ಕಂಡರೂ ಅಗ್ಗ ಎಂದೋ ದುಬಾರಿ ಎಂದೋ ಹೇಳುವ ಅಧಿಕಾರ ಈ ರೇಖೆಗಿಲ್ಲ. ಎರಡೂವರೆ ವರ್ಷದ ಹತ್ತಿರ ಮುಗಿಯುವ ಅದೇ ಸಂಸ್ಥೆಯ ಇನ್ನೊಂದು ಬಾಂಡ್‌ನ ಬೆಲೆ ಸಿಕ್ಕರೆ ಅದನ್ನೂ ರೇಖೆಗೆ ಸೇರಿಸಿ, ಊಹೆಗೆ ಉಳಿಯುವ ಜಾಗ ಕಿರಿದಾಗುತ್ತದೆ. ಕೊನೆಯದಾಗಿ, ಈ ಎರಡೂ ಅಂಕಿಗಳು ಕೊಳ್ಳುವವರು ಕೈಯಿಂದ ಕೊಡುವ ಪೂರ್ಣ ಮೊತ್ತ. ಹಿಂದಿನ ಕೂಪನ್‌ನಿಂದ ಈಚೆಗೆ ಅರ್ಧ ವರ್ಷ ಕಳೆದಿರುವುದರಿಂದ 4ರಷ್ಟು ಸಂಚಿತ ಬಡ್ಡಿ ಇದರೊಳಗೆ ಇದೆ. ಬೆಲೆಪಟ್ಟಿಯಲ್ಲಿ ಸಾಮಾನ್ಯವಾಗಿ ಅದನ್ನು ಕಳೆದ ಬೆಲೆ ಇರುತ್ತದೆ, ಆದ್ದರಿಂದ ಅಲ್ಲಿ 103.12 ಮತ್ತು 103.37ರ ಆಸುಪಾಸಿನ ಅಂಕಿಯನ್ನು ಹುಡುಕಿ.