ಭಾನುವಾರ ಸಂಜೆಯ ಸಂಕಟದ ಮೂಲ

ಪ್ರಶ್ನೆ: ನನಗೆ 31 ವರ್ಷ. ಚಿಕ್ಕಮಗಳೂರಿನ ಖಾಸಗಿ ಹಣಕಾಸು ಸಂಸ್ಥೆಯೊಂದರ ಸಾಲ ವಿಭಾಗದಲ್ಲಿದ್ದೇನೆ. ಭಾನುವಾರ ಸಂಜೆ ಐದಾಯಿತೆಂದರೆ ಹೊಟ್ಟೆಯಲ್ಲಿ ಸಂಕಟ, ರಾತ್ರಿ ನಿದ್ದೆಯಿಲ್ಲ. ಸೋಮವಾರದ ವಸೂಲಿ ಸಭೆಯೇ ಕಾರಣವೆಂದುಕೊಂಡಿದ್ದೆ. ಮ್ಯಾನೇಜರ್ ರಜೆ ಹಾಕಿ ಸಭೆ ನಡೆಯದ ವಾರವೂ ಹಾಗೆಯೇ ಆಯಿತು. ಅರ್ಜಿ, ಪಹಣಿ, ಲೆಕ್ಕ ನೋಡುವ ದಿನ ಹೊತ್ತು ಹೋದದ್ದೇ ತಿಳಿಯದು. ಕೆಲಸ ಬಿಡಲೇ? ಮನೆಯವರು ಬೇಡವೆನ್ನುತ್ತಾರೆ.
– ಹೆಸರು ಬೇಡ

ಉತ್ತರ: ಈಗಲೇ ರಾಜೀನಾಮೆ ಬರೆಯಬೇಡಿ. ನಿಮಗೆ ಒಗ್ಗದಿರುವುದು ಇಡೀ ಉದ್ಯೋಗವಲ್ಲ, ಅದರ ವಸೂಲಿಯ ಭಾಗ ಮಾತ್ರ ಎಂದು ನಿಮ್ಮ ಪತ್ರ ಓದಿದಾಗ ನನಗನ್ನಿಸುತ್ತದೆ. ಆದರೆ ಸಭೆಯಿಲ್ಲದ ಒಂದೇ ವಾರದ ಅನುಭವವನ್ನು ಪೂರ್ತಿ ನಂಬುವಂತಿಲ್ಲ. ತಿಂಗಳುಗಟ್ಟಲೆ ಒಂದೇ ಹೊತ್ತಿಗೆ ಹೆದರಿದ ದೇಹ, ಕಾರಣವಿಲ್ಲದ ದಿನವೂ ರೂಢಿಯಿಂದ ಹೆದರುತ್ತದೆ.

ಆದ್ದರಿಂದ ಮುಂದಿನ ನಾಲ್ಕು ಭಾನುವಾರ ಸಂಕಟ ಆರಂಭವಾದ ಕೂಡಲೇ ಆಗ ಕಣ್ಣ ಮುಂದೆ ಬಂದದ್ದೇನೆಂದು ಒಂದು ಸಾಲು ಬರೆದಿಡಿ. ಮ್ಯಾನೇಜರರ ಮುಖವೋ, ಗುರಿಯ ಅಂಕಿಯೋ, ಕಂತು ಕಟ್ಟಲಾಗದೆ ಅಂಗಳದಲ್ಲಿ ತಲೆ ತಗ್ಗಿಸಿ ನಿಂತ ಬೆಳೆಗಾರರೋ? ಬುಧವಾರ ಮಧ್ಯಾಹ್ನ ಮತ್ತೊಂದು ಸಾಲು ಬರೆಯಿರಿ. ಸೋಮವಾರದ ಸಭೆ ಮುಗಿದೊಡನೆ ಮನಸ್ಸು ಹಗುರಾಗಿ ವಾರವಿಡೀ ಹಾಗೆಯೇ ಉಳಿದರೆ, ತೊಂದರೆ ಸಭೆಯ ರೀತಿಯಲ್ಲಿದೆ. ವಸೂಲಿಗೆ ಹೊರಡುವ ಪ್ರತಿ ಬೆಳಿಗ್ಗೆಯೂ ಅದೇ ಸಂಕಟ ಮರುಕಳಿಸಿದರೆ, ತೊಂದರೆ ಆ ಕೆಲಸದಲ್ಲೇ ಇದೆ.

ನಿಮ್ಮೂರಿನಲ್ಲಿ ಇದನ್ನು ಪರೀಕ್ಷಿಸಲು ಇನ್ನೊಂದು ದಾರಿಯೂ ಇದೆ. ಅರೇಬಿಕಾ ಕಾಫಿಯ ಕೊಯ್ಲು ಸಾಮಾನ್ಯವಾಗಿ ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾ ಅದರ ಹಿಂದೆಯೇ. ಹೀಗಾಗಿ ಸಣ್ಣ ಬೆಳೆಗಾರರ ಕೈಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಕಂತು ಮಾತ್ರ ತಿಂಗಳು ತಿಂಗಳೂ ಬರುತ್ತದೆ. ಕಾಫಿ ಮಾರಾಟವಾಗುವ ಫೆಬ್ರವರಿ, ಮಾರ್ಚ್‌ನಲ್ಲಿ ನಿಮ್ಮ ಭಾನುವಾರಗಳು ಹಗುರಾಗಿದ್ದು, ಮಳೆಗಾಲದಲ್ಲಿ ಭಾರವಾಗಿದ್ದವೇ ಎಂದು ನೆನಪಿಸಿಕೊಳ್ಳಿ. ಹೌದಾದರೆ ನಿಮ್ಮನ್ನು ಕಾಡುತ್ತಿರುವುದು ಸೋಮಾರಿತನವೂ ಅಲ್ಲ, ಅಸಾಮರ್ಥ್ಯವೂ ಅಲ್ಲ: ಇಲ್ಲದವರ ಬಳಿ ಕೇಳಲು ನಿಮ್ಮ ಮನಸ್ಸು ಒಪ್ಪುತ್ತಿಲ್ಲ. ತರಬೇತಿಯಿಂದ ಇದು ಅಷ್ಟಾಗಿ ಬದಲಾಗುವುದಿಲ್ಲ, ಬದಲಾಗಬೇಕೆಂದೂ ನಾನು ಹೇಳಲಾರೆ.

ನಿದ್ದೆಯ ವಿಷಯ ಬೇರೆ. ಭಾನುವಾರ ಹತ್ತಕ್ಕೆ ಎದ್ದು, ಊಟದ ನಂತರವೂ ಮಲಗಿದರೆ, ಯಾವ ಚಿಂತೆಯಿಲ್ಲದವರಿಗೂ ರಾತ್ರಿ ನಿದ್ದೆ ತಡವಾಗುತ್ತದೆ. ಉಳಿದ ದಿನಗಳಿಗಿಂತ ಒಂದು ಗಂಟೆಗಿಂತ ಹೆಚ್ಚು ತಡಮಾಡದೆ ಏಳಿ, ಸಂಜೆಯ ಕಾಫಿ ಬಿಡಿ. ಅಷ್ಟಾದರೂ ಎರಡು ವಾರ ನಿದ್ದೆ ಬಾರದಿದ್ದರೆ, ಅಥವಾ ಈ ಮಂಕು ವಾರದ ಎಲ್ಲ ದಿನಗಳಿಗೂ ಹಬ್ಬಿದರೆ, ಅದನ್ನು ಕೆಲಸದ ಪ್ರಶ್ನೆಯೆಂದು ತಿಳಿಯದೆ ವೈದ್ಯರನ್ನು ಕಾಣಿ; 14416ಕ್ಕೆ ಕರೆ ಮಾಡಿ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನವರೊಂದಿಗೆ ಕನ್ನಡದಲ್ಲಿಯೇ ಮಾತನಾಡಬಹುದು.

ನಿಮ್ಮ ಟಿಪ್ಪಣಿ ವಸೂಲಿಯತ್ತಲೇ ಬೆರಳು ತೋರಿಸಿದರೆ, ಅರ್ಜಿ ಪರಿಶೀಲನೆಯ ಮೇಜಿಗೆ ವರ್ಗಾಯಿಸುವಂತೆ ಲಿಖಿತವಾಗಿ ಕೇಳಿ. ಸಂಕಟದ ಮಾತನ್ನು ಅಲ್ಲಿ ಎತ್ತಬೇಡಿ; ನೀವು ನೋಡಿದ ಅರ್ಜಿಗಳಲ್ಲಿ ಎಷ್ಟು ಸಾಲ ಸರಿಯಾಗಿ ಮರುಪಾವತಿಯಾಗುತ್ತಿವೆ ಎಂಬುದನ್ನು ತೋರಿಸಿ. ಮೂರು ತಿಂಗಳಾದರೂ ಆಗದಿದ್ದರೆ, ಸಂಬಳ ನಿಲ್ಲದಂತೆ ಇಲ್ಲಿದ್ದುಕೊಂಡೇ ಬೇರೆಡೆ ಅದೇ ಪರಿಶೀಲನೆಯ ಕೆಲಸ ಹುಡುಕಿ. ಮನೆಯವರ ಅಂಜಿಕೆಯೂ ಬಹುಶಃ ಸಂಬಳದ್ದೇ.