11 ಮೇಲ್, ಒಂದಕ್ಕೂ ಉತ್ತರ ಇಲ್ಲ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಶಿವಮೊಗ್ಗದಲ್ಲಿ ನನ್ನ ಹತ್ರ ಬಂದ ಹುಡುಗನ ಊರು ತೀರ್ಥಹಳ್ಳಿ ಕಡೆ. ಅಡಿಕೆಯ ಕೊಳೆರೋಗದ ಮೇಲೆ ಸಂಶೋಧನೆ ಮಾಡುತ್ತಿದ್ದ. ಬೆಂಗಳೂರಿನ ಸಮ್ಮೇಳನದಿಂದ ಬಂದು ಒಂದು ವಾರದ ಮೇಲೆ 11 ಜನರಿಗೆ ಮೇಲ್ ಹಾಕಿದ್ದ. ಮೂರು ವಾರವಾದರೂ ಒಬ್ಬರೂ ಉತ್ತರ ಕೊಟ್ಟಿರಲಿಲ್ಲ.

"ಎದುರಿಗೆ ಚೆನ್ನಾಗೇ ಮಾತಾಡಿದ್ರು ಮೇಡಂ. ನಾನು ಅವರಿಗೆ ಹಿಡಿಸಿಲ್ಲ ಅನ್ಸುತ್ತೆ" ಅಂದ. ರಾತ್ರಿ ಅದೇ ಯೋಚನೆ, ನಿದ್ದೆ ಇಲ್ಲ.

ಮೇಲ್ ತೋರಿಸಲು ಹೇಳಿದೆ. ವಿಷಯದ ಜಾಗದಲ್ಲಿ "ನಿಮ್ಮನ್ನು ಭೇಟಿಯಾಗಿದ್ದು ಸಂತೋಷ" ಎಂದಿತ್ತು. ಆಮೇಲೆ ತನ್ನ ಓದಿನ ಬಗ್ಗೆ ಎರಡು ಪ್ಯಾರಾ, ಜೊತೆಗೆ ಬಯೋಡೇಟಾ, ಕೊನೆಗೆ "ದಯವಿಟ್ಟು ಮಾರ್ಗದರ್ಶನ ನೀಡಿ". 11 ಜನರಿಗೂ ಇದೇ. ಓದಿದವರಿಗೆ ಇವನು ಯಾರು, ಎಲ್ಲಿ ಸಿಕ್ಕಿದ್ದ ಅಂತ ಹೊಳೆಯುವುದೇ ಇಲ್ಲ. ಮಾರ್ಗದರ್ಶನ ಅಂದರೆ ಏನು ಬರೆಯಬೇಕು ಅಂತಲೂ ಗೊತ್ತಾಗಲ್ಲ. ಆಮೇಲೆ ನೋಡೋಣ ಅಂತ ಬದಿಗಿಟ್ಟರೆ ಅದು ಅಲ್ಲೇ ಉಳಿಯುತ್ತೆ. ಅವರಿಗೆ ಇವನ ಮೇಲೆ ಬೇಸರ ಇತ್ತು ಅನ್ನಲು ಆ ಮೇಲ್‌ನಲ್ಲಿ ಯಾವ ಕಾರಣವೂ ನನಗೆ ಕಾಣಲಿಲ್ಲ.

"ಅವರಲ್ಲಿ ಯಾರಾದರೂ ನಿನ್ನನ್ನೇ ಏನಾದರೂ ಕೇಳಿದ್ರಾ?" ಅಂದೆ.

ಸ್ವಲ್ಪ ಹೊತ್ತು ಯೋಚಿಸಿದ. ಚಹಾದ ಸಾಲಿನಲ್ಲಿ ಒಬ್ಬ ಹಿರಿಯ ವಿಜ್ಞಾನಿ ಸಿಕ್ಕಿದ್ದರಂತೆ. ಮಳೆಗೆ ಮುಂಚೆ ಅಡಿಕೆ ಗೊನೆಗಳಿಗೆ ಕೊಟ್ಟೆ, ಅಂದರೆ ಮಳೆ ತಾಗದಂತೆ ಹೊದಿಕೆ, ಕಟ್ಟೋದನ್ನ ಇವನು ಕೈಯಲ್ಲೇ ತೋರಿಸಿದ್ದ. "ಪ್ಲಾಸ್ಟಿಕ್ ಆದರೆ ಒಳಗೆ ನೀರು ನಿಲ್ಲಲ್ವಾ?" ಅಂತ ಅವರು ಕೇಳಿದ್ದರು. ಅಷ್ಟರಲ್ಲಿ ಯಾರೋ ಕರೆದರು, ಮಾತು ಅಲ್ಲಿಗೇ ನಿಂತಿತ್ತು.

ನನಗೆ ಬೇಕಾಗಿದ್ದು ಅದೇ. ನೂರು ಹೊಸ ಮುಖದಲ್ಲಿ ನಮ್ಮ ಹೆಸರು ಉಳಿಯೋದು ಕಷ್ಟ. ತಾವೇ ಕೇಳಿದ ಪ್ರಶ್ನೆ ಬೇಗ ನೆನಪಾಗುತ್ತೆ. ಇಬ್ಬರೂ ಕೂತು ಹೊಸದಾಗಿ ಬರೆದೆವು. ವಿಷಯದ ಜಾಗದಲ್ಲಿ: "ಅಡಿಕೆ ಕೊಟ್ಟೆಯಲ್ಲಿ ನೀರು ನಿಲ್ಲುತ್ತಾ? ನಿಮ್ಮ ಪ್ರಶ್ನೆಗೆ". ಒಳಗೆ:

"ನಮಸ್ಕಾರ ಮೇಡಂ. ಸಮ್ಮೇಳನದ ಎರಡನೇ ದಿನ ಚಹಾದ ಸಾಲಿನಲ್ಲಿ ಕೊಟ್ಟೆ ಕಟ್ಟೋದನ್ನ ತೋರಿಸಿದ ತೀರ್ಥಹಳ್ಳಿ ಕಡೆಯ ವಿದ್ಯಾರ್ಥಿ ನಾನು. ನೀರು ನಿಲ್ಲಲ್ವಾ ಅಂತ ಕೇಳಿದ್ದಿರಿ. ಕೊಟ್ಟೆಯ ಕೆಳಬಾಯಿ ತೆರೆದಿರುತ್ತದೆ, ನಮ್ಮ ತೋಟದ ಒಂದು ಫೋಟೋ ಹಾಕಿದ್ದೇನೆ. ಒಳಗಿನ ತೇವ ಅಳೆಯಲು ಯಾವ ಉಪಕರಣ ಸೂಕ್ತ, ಹೆಸರು ತಿಳಿಸುತ್ತೀರಾ?"

ಬಯೋಡೇಟಾ ಬೇಡ ಅಂದೆ. "ನೆನಪಿದೆಯಾ?" ಅಂತಲೂ ಕೇಳಬೇಡ ಅಂದೆ. ಮರೆತವರಿಗೆ ಅದು ಮುಜುಗರ, ಮುಜುಗರವಾದರೆ ಉತ್ತರ ಇನ್ನೂ ದೂರ. ಹತ್ತು ದಿನ ಕಾದು, ಇದೇ ಮೇಲ್‌ನ ಕೆಳಗೆ ಒಂದೇ ಸಲ ನೆನಪಿಸು, ಆಮೇಲೆ ಬಿಡು. ಮುಂದಿನ ಸಲ ಕಾರ್ಡ್ ಕೊಟ್ಟವರ ಮಾತನ್ನ ಅದರ ಹಿಂದೆ ಅದೇ ಸಂಜೆ ಗೀಚಿಡು, ಎರಡು ಮೂರು ದಿನದೊಳಗೆ ಬರೆ.

ಮೂರನೇ ದಿನ ಅವರಿಂದ ಎರಡು ಸಾಲು ಬಂತು. ಉಪಕರಣದ ಹೆಸರು, ಮತ್ತೆ "ಕಟ್ಟುವಾಗಿನ ಫೋಟೋ ಇದ್ದರೆ ಕಳಿಸಿ". ಉಳಿದ 10 ಜನರಲ್ಲಿ ನಾಲ್ವರ ಜೊತೆ ಆಡಿದ ಮಾತು ಅವನಿಗೆ ನೆನಪಿತ್ತು, ಅವರಿಗೂ ಹೀಗೇ ಬರೆದ. ಮಿಕ್ಕ ಆರು ಜನರಿಗೆ ಬರೆಯಲು ಇವನ ಹತ್ರವೇ ಏನೂ ಇರಲಿಲ್ಲ. ಅವರನ್ನ ಬಿಟ್ಟುಬಿಡು ಅಂದೆ.