ಸಬ್ಜಾ, ಚಿಯಾ ಗಂಟಲಲ್ಲಿ ಉಬ್ಬುತ್ತವೆಯೇ?

ಪ್ರಶ್ನೆ: ಬೇಸಿಗೆ ಬಂತೆಂದರೆ ನಮ್ಮ ಮನೆಯಲ್ಲಿ ದಿನಾ ನಿಂಬೆ ಪಾನಕಕ್ಕೆ ಸಬ್ಜಾ ಹಾಕಿ ಕುಡಿಯುತ್ತೇವೆ. ಮಾವನವರಿಗೆ 72 ವರ್ಷ, ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿತ್ತು. ಈಗ ಓಡಾಡಿಕೊಂಡು ಚೆನ್ನಾಗಿದ್ದಾರೆ. ಆದರೆ ಸಬ್ಜಾ ಪಾನಕ ಕುಡಿಯುವಾಗ ಪದೇ ಪದೇ ಕೆಮ್ಮು ಬರುತ್ತದೆ. ಮಗ ಜಿಮ್‌ಗೆ ಹೋಗುತ್ತಾನೆ. ಅವನು ನೆನೆಸುವ ಗೋಜಿಗೇ ಹೋಗುವುದಿಲ್ಲ, ಒಂದು ಚಮಚ ಒಣ ಚಿಯಾ ಬಾಯಿಗೆ ಹಾಕಿಕೊಂಡು ಮೇಲೆ ನೀರು ಕುಡಿಯುತ್ತಾನೆ. ಇವು ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತವೆ ಅನ್ನುತ್ತಾರಲ್ಲ, ನಿಜವಾ? ಯಾರು ಕಡಿಮೆ ಮಾಡಬೇಕು?
– ಗೃಹಿಣಿ, ದಾವಣಗೆರೆ

ಉತ್ತರ: ನಿಜ. ಆದರೆ ನಿಮ್ಮ ಮಗನ ಅಪಾಯ ಬೇರೆ, ಮಾವನವರ ಅಪಾಯವೇ ಬೇರೆ. ಮೊದಲು ಮಗನ ವಿಷಯ ನೋಡೋಣ. ಅವನ ಅಭ್ಯಾಸವನ್ನು ಇವತ್ತೇ ನಿಲ್ಲಿಸಬೇಕು.

ಸಬ್ಜಾ ಅಂದರೆ ಕಾಮಕಸ್ತೂರಿಯ ಬೀಜ. ಚಿಯಾ ಹೊರದೇಶದ ಬೆಳೆ. ಮೈಸೂರಿನ ಸಿಎಫ್‌ಟಿಆರ್‌ಐ ಇಲ್ಲಿನ ರೈತರಿಗೆ ಪರಿಚಯಿಸಿದ ಮೇಲೆ ನಮ್ಮ ಕಡೆಯೂ ಬೆಳೆಯುತ್ತಾರೆ. ಎರಡರ ಸಿಪ್ಪೆಯಲ್ಲೂ ನೀರು ತಾಗಿದ ಕೂಡಲೇ ಲೋಳೆಯಾಗುವ ನಾರಿನಂಶವಿದೆ. ಸಬ್ಜಾ ಬೇಗ ಉಬ್ಬುತ್ತದೆ, ಐದು ನಿಮಿಷದಲ್ಲೇ ಸುತ್ತ ಬಿಳಿ ಪೊರೆ ಕಟ್ಟುತ್ತದೆ. ಚಿಯಾ ನಿಧಾನ. ಆದರೆ ಅದು ತನ್ನ ತೂಕದ ಹತ್ತು ಪಟ್ಟಿಗೂ ಜಾಸ್ತಿ ನೀರು ಹಿಡಿದಿಟ್ಟುಕೊಳ್ಳುತ್ತದೆ.

ಇದನ್ನು ನಿಮ್ಮ ಅಡುಗೆಮನೆಯಲ್ಲೇ ನೋಡಬಹುದು. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ. ಸಣ್ಣ ಲೋಟಕ್ಕೆ ಒಂದು ದೊಡ್ಡ ಚಮಚ ಒಣ ಚಿಯಾ ಹಾಕಿ, ಮೇಲೆ ಮೂರ್ನಾಲ್ಕು ಚಮಚ ನೀರು ಹಾಕಿ, ಕಲಕದೆ ಬಿಡಿ. ಕಾಲು ಗಂಟೆ ಬಿಟ್ಟು ಲೋಟ ಬಗ್ಗಿಸಿದರೆ ನೀರು ಬೀಳುವುದಿಲ್ಲ. ಬೀಜವೆಲ್ಲ ಒಂದೇ ಮುದ್ದೆಯಾಗಿ ತಳಕ್ಕೆ ಅಂಟಿಕೊಂಡಿರುತ್ತದೆ. ಚಮಚದಲ್ಲಿ ಬಿಡಿಸಿ ನೋಡಿ. ಹೊರಗೆ ಲೋಳೆ, ಒಳಗೆ ಇನ್ನೂ ಒಣ ಬೀಜ ಕಾಣುತ್ತದೆ. ಆ ಒಣ ಬೀಜ ಇನ್ನೂ ನೀರು ಕುಡಿದು ಉಬ್ಬಲಿಕ್ಕಿದೆ.

ಇದೇ ಅನ್ನನಾಳದಲ್ಲಿ ಆದರೆ? ನಮ್ಮ ಅನ್ನನಾಳ ಸುಮಾರು ಎರಡು ಸೆಂಟಿಮೀಟರ್ ಅಗಲದ ಮೆತ್ತನೆಯ ಕೊಳವೆ. ಗಂಟಲು ಮುಗಿಯುವ ಕಡೆ ಮತ್ತು ಹೊಟ್ಟೆ ಸೇರುವ ಕಡೆ ಅದು ಸಹಜವಾಗಿಯೇ ಸ್ವಲ್ಪ ಬಿಗಿ. ಒಣ ಬೀಜ ಅಲ್ಲೆಲ್ಲೋ ತಡೆದು ನಿಂತಾಗ ಮೇಲಿಂದ ನೀರು ಬಂತು ಅಂದುಕೊಳ್ಳಿ. ಆ ನೀರು ಬೀಜವನ್ನು ಕೆಳಗೆ ತಳ್ಳುವ ಬದಲು ನಿಂತಲ್ಲೇ ಉಬ್ಬಿಸುತ್ತದೆ.

ಇಂಥದ್ದೇ ಒಂದು ಪ್ರಕರಣವನ್ನು 2014ರಲ್ಲಿ ಅಮೆರಿಕದ ಜಠರ-ಕರುಳು ವೈದ್ಯರ ಸಮ್ಮೇಳನದಲ್ಲಿ ಮಂಡಿಸಿದ್ದರು. ಉತ್ತರ ಕೆರೊಲಿನಾದ 39 ವರ್ಷದ ಒಬ್ಬರು ಒಂದು ದೊಡ್ಡ ಚಮಚ ಒಣ ಚಿಯಾ ನುಂಗಿ, ಮೇಲೆ ಒಂದು ಲೋಟ ನೀರು ಕುಡಿದಿದ್ದರು. ನಿಮ್ಮ ಮಗ ಮಾಡುವುದೂ ಅದನ್ನೇ ಅಲ್ವಾ? ಸುಮಾರು ಹನ್ನೆರಡು ಗಂಟೆ ಮೇಲುಹೊಟ್ಟೆ ನೋವು, ಏನೂ ನುಂಗಲಾಗದ ಸ್ಥಿತಿ. ಆಸ್ಪತ್ರೆಯಲ್ಲಿ ಎಂಡೋಸ್ಕೋಪಿ ಮಾಡಿ ನೋಡಿದರೆ ಅನ್ನನಾಳದ ತುಂಬ ಚಿಯಾ ಲೋಳೆ. ಮಾಂಸದ ತುಂಡೋ ಮೂಳೆಯೋ ಸಿಕ್ಕಿಕೊಂಡರೆ ಇಕ್ಕಳದಂಥ ಸಲಕರಣೆಯಿಂದ ಹಿಡಿದು ಎಳೆಯಬಹುದು. ಲೋಳೆ ಹಿಡಿತಕ್ಕೇ ಸಿಗುವುದಿಲ್ಲ. ದೊಡ್ಡವರಿಗೆ ಬಳಸುವ ಎಂಡೋಸ್ಕೋಪಿನಿಂದ ಆಗದೆ, ಕೊನೆಗೆ ಮಕ್ಕಳಿಗೆ ಬಳಸುವ ಸಣ್ಣದರಿಂದ ಸ್ವಲ್ಪ ಸ್ವಲ್ಪವೇ ಹೊಟ್ಟೆಯೊಳಕ್ಕೆ ತಳ್ಳಿದರು.

ಈ ಪ್ರಕರಣದಲ್ಲಿ ಗಮನಿಸಬೇಕಾದ ಇನ್ನೊಂದು ಮಾತಿದೆ. ಆ ವ್ಯಕ್ತಿಗೆ ಅಲರ್ಜಿಯ ತೊಂದರೆ ಇತ್ತು. ಆಗಾಗ ಊಟ ಎದೆಯಲ್ಲಿ ಸಿಕ್ಕಿಕೊಂಡಂತೆ ಆಗುತ್ತಿತ್ತು. ಅಂದರೆ ಅನ್ನನಾಳದಲ್ಲಿ ಮೊದಲೇ ಏನೋ ದೋಷವಿದ್ದಿರಬೇಕು. ಒಣ ಚಿಯಾ ನುಂಗಿದವರೆಲ್ಲ ಆಸ್ಪತ್ರೆ ಸೇರುವುದಿಲ್ಲ, ನಿಜ. ಆದರೆ ಅನ್ನನಾಳ ಕಿರಿದಾಗಿರುವುದು ಎಷ್ಟೋ ಜನಕ್ಕೆ ಮೊದಲ ಸಲ ಏನಾದರೂ ಸಿಕ್ಕಿಕೊಂಡಾಗಲೇ ಗೊತ್ತಾಗುವುದು. ಮಗನನ್ನು ಒಂದು ಪ್ರಶ್ನೆ ಕೇಳಿ: ಚಪಾತಿ, ಮಾಂಸ, ಮುದ್ದೆ ಯಾವತ್ತಾದರೂ ಎದೆ ಹತ್ತಿರ ನಿಂತುಬಿಟ್ಟಂತೆ ಆಗಿ, ನೀರು ಕುಡಿದು ಇಳಿಸಿಕೊಳ್ಳಬೇಕಾಗುತ್ತದಾ? ಹೌದು ಅಂದರೆ ನೆನೆಸಿದ್ದೂ ಬೇಡ, ಮೊದಲು ಎಂಡೋಸ್ಕೋಪಿ ಆಗಲಿ. ಹಲವು ವರ್ಷದಿಂದ ಹುಳಿತೇಗು, ಎದೆಯುರಿ ಇರುವವರಿಗೂ ಇದೇ ಮಾತು. ಆಸಿಡ್ ತಾಗಿ ತಾಗಿ ಅನ್ನನಾಳದ ಕೆಳತುದಿ ಗಾಯವಾಗಿ ಕಿರಿದಾಗಿರಬಹುದು.

ಅಂಥ ತೊಂದರೆ ಇಲ್ಲ ಅಂದರೆ ಅವನು ಚಿಯಾ ಬಿಡಬೇಕಾಗಿಲ್ಲ, ಕ್ರಮ ಬದಲಾಯಿಸಿದರೆ ಸಾಕು. ಒಂದು ಟೀ ಚಮಚ ಚಿಯಾಗೆ ಒಂದು ದೊಡ್ಡ ಲೋಟ ನೀರು ಹಾಕಬೇಕು. ಹಾಕಿದ ಕೂಡಲೇ ಒಮ್ಮೆ, ಐದು ನಿಮಿಷ ಬಿಟ್ಟು ಇನ್ನೊಮ್ಮೆ ಕಲಕಬೇಕು. ಎರಡನೇ ಸಲ ಕಲಕದಿದ್ದರೆ ಮುದ್ದೆ ಕಟ್ಟುತ್ತದೆ. ಕಡಿಮೆ ಅಂದರೂ ಅರ್ಧ ಗಂಟೆ ನೆನೆಯಲಿ. ರಾತ್ರಿಯೇ ಹಾಕಿ ಫ್ರಿಜ್‌ನಲ್ಲಿಟ್ಟರೆ ಇನ್ನೂ ಒಳ್ಳೆಯದು. ಸಬ್ಜಾಗೆ ಕಾಲು ಗಂಟೆ, ಇಪ್ಪತ್ತು ನಿಮಿಷ ಸಾಕು. ಅದನ್ನು ಬರೀ ನೀರಿನಲ್ಲಿ ನೆನೆಸಿ ಆಮೇಲೆ ಪಾನಕಕ್ಕೆ ಹಾಕಿ. ನೆನೆದಿದೆಯಾ ಅಂತ ನೋಡಲು ನಾಲ್ಕು ಕಾಳು ಬೆರಳಲ್ಲಿ ಹಿಸುಕಿ. ಸುತ್ತ ಒಂದೇ ಸಮ ಮೆತ್ತನೆಯ ಪೊರೆ ಇದ್ದು, ಬೆರಳಿಗೆ ಮರಳಿನಂತೆ ಒರಟು ತಾಗದಿದ್ದರೆ ಆಯಿತು.

ನೆನೆಸುವಾಗ ನೀರಿಗೆ ಕಂಜೂಸು ಮಾಡಬಾರದು. ಮಲಬದ್ಧತೆಗೆ ತಗೊಳ್ಳುವ ಇಸಬ್‌ಗೋಲ್ ಕೂಡ ಇದೇ ಜಾತಿಯ ಲೋಳೆ. ಅದನ್ನು ಲೋಟ ತುಂಬ ನೀರಿನ ಜೊತೆಗೇ ತಗೊಳ್ಳಿ ಅಂತ ನಾವು ಒತ್ತಿ ಹೇಳುವುದೂ ಇದಕ್ಕೇ. ನೀರು ಕಡಿಮೆಯಾದರೆ ಮೇಲೆ ಸಿಕ್ಕಿಕೊಳ್ಳಬಹುದು, ಕೆಳಗೆ ಮಲವೂ ಗಟ್ಟಿಯಾಗಬಹುದು.

ಈಗ ಮಾವನವರ ವಿಷಯ. ನೀವು ಸಬ್ಜಾವನ್ನು ಎಷ್ಟೇ ಚೆನ್ನಾಗಿ ನೆನೆಸಿದರೂ ಅವರ ತೊಂದರೆ ಹೋಗುವುದಿಲ್ಲ. ಅವರಿಗೆ ಬೀಜ ಉಬ್ಬುವುದು ಮುಖ್ಯ ಸಮಸ್ಯೆಯಲ್ಲ, ನುಂಗುವುದೇ ಸಮಸ್ಯೆ. ನಾವು ನುಂಗುವ ಆ ಒಂದು ಕ್ಷಣದಲ್ಲಿ ಶ್ವಾಸನಾಳದ ಬಾಯಿ ಮುಚ್ಚಬೇಕು, ಅನ್ನನಾಳದ ಬಾಯಿ ತೆರೆಯಬೇಕು. ಸ್ಟ್ರೋಕ್ ಆದವರಲ್ಲಿ, ಪಾರ್ಕಿನ್ಸನ್ ಕಾಯಿಲೆ ಇರುವವರಲ್ಲಿ ಈ ಹೊಂದಾಣಿಕೆ ಅರೆಕ್ಷಣ ತಡವಾಗುತ್ತದೆ. ಕೈಕಾಲು ಸರಿಹೋಗಿ ಓಡಾಡುತ್ತಿದ್ದರೂ ಇದೊಂದು ಹಾಗೇ ಉಳಿದಿರಬಹುದು.

ಅಂಥವರಿಗೆ ತೀರಾ ಕಷ್ಟವಾಗುವುದು ನೀರು ಮತ್ತು ಕಾಳು ಸೇರಿದ ಪದಾರ್ಥ. ಬಾಯಲ್ಲಿ ಕಾಳನ್ನು ನಾಲಿಗೆ ಒಟ್ಟುಮಾಡುತ್ತಿರುವಾಗಲೇ ತೆಳು ನೀರು ಮುಂದೆ ಹರಿದು ಗಂಟಲಿಗೆ ಬಂದಿರುತ್ತದೆ. ಆಗ ಶ್ವಾಸನಾಳದ ಬಾಯಿ ಇನ್ನೂ ತೆರೆದೇ ಇರುತ್ತದೆ. ನೀರು ಅತ್ತ ಹೋದಾಗ ಕೆಮ್ಮು. ಸಬ್ಜಾ ಪಾನಕ ಅಂದರೆ ಇದೇ ತಾನೇ, ತೆಳು ನೀರಿನಲ್ಲಿ ಜಾರುವ ಕಾಳು. ಅವಲಕ್ಕಿ ಹಾಲು, ಕಾಳಿರುವ ತಿಳಿಸಾರು ಕುಡಿಯುವಾಗಲೂ ಅವರಿಗೆ ಹೀಗೇ ಆಗುತ್ತದಾ ಗಮನಿಸಿ. ನೆತ್ತಿಗೆ ಹತ್ತಿತು ಅಂತ ತಲೆ ತಟ್ಟಿ ಸುಮ್ನೆ ಬಿಡಬೇಡಿ. ಪದೇ ಪದೇ ಹೀಗಾದರೆ ಶ್ವಾಸಕೋಶದಲ್ಲಿ ಸೋಂಕಾಗಿ ನ್ಯುಮೋನಿಯಾಗೆ ತಿರುಗಬಹುದು.

ಆದ್ದರಿಂದ ಮಾವನವರಿಗೆ ಸಬ್ಜಾ, ಚಿಯಾ ಎರಡೂ ನಿಲ್ಲಿಸಿ. ಬೀಜ ಹಾಕದ ಪಾನಕವನ್ನು ನೆಟ್ಟಗೆ ಕೂರಿಸಿ ಸಣ್ಣ ಸಣ್ಣ ಗುಟುಕಾಗಿ ಕೊಟ್ಟು ನೋಡಿ. ಅದಕ್ಕೂ ಕೆಮ್ಮು ಬಂದರೆ, ಕುಡಿದ ಮೇಲೆ ಗಂಟಲಲ್ಲಿ ನೀರು ನಿಂತಂತೆ ದನಿ ಗೊರಗೊರ ಆದರೆ, ಊಟಕ್ಕೆ ಮೊದಲಿಗಿಂತ ತುಂಬಾ ಹೊತ್ತು ಹಿಡಿದರೆ ನುಂಗುವಿಕೆಯ ಪರೀಕ್ಷೆ ಮಾಡಿಸಲೇಬೇಕು. ಸ್ಟ್ರೋಕ್‌ಗೆ ತೋರಿಸುತ್ತಿರುವ ವೈದ್ಯರಿಗೆ ಹೇಳಿದರೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಕಳಿಸುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಈ ಪರೀಕ್ಷೆ, ಚಿಕಿತ್ಸೆ ಸಿಗುತ್ತದೆ. ಎಷ್ಟು ಗಟ್ಟಿಯ ಪಾನೀಯ ಅವರಿಗೆ ಸರಿ ಅಂತ ಅಲ್ಲಿ ಹೇಳುತ್ತಾರೆ. ನೀವಾಗಿಯೇ ಊಹಿಸಿ ಗಟ್ಟಿ ಮಾಡಿ ಕೊಡಬೇಡಿ.

ಇನ್ನು ಬೇರೆಯವರು. ಐದು ವರ್ಷದೊಳಗಿನ ಮಕ್ಕಳಿಗೆ ಕೊಡದಿರುವುದೇ ಮೇಲು, ಅವರು ಆಟವಾಡುತ್ತ, ನಗುತ್ತ ಕುಡಿಯುತ್ತಾರೆ. ಕರುಳಿನ ಕ್ಷಯ ಅಥವಾ ಕ್ರೋನ್ಸ್ ಕಾಯಿಲೆಯಿಂದ ಕರುಳು ಕಿರಿದಾದವರು, ಹೊಟ್ಟೆಯ ಆಪರೇಷನ್ ಆದಮೇಲೆ ಒಮ್ಮೆಯಾದರೂ ಕರುಳು ಕಟ್ಟಿಕೊಂಡಿದ್ದವರು ತಮ್ಮ ವೈದ್ಯರನ್ನು ಕೇಳದೆ ಮುಟ್ಟಬಾರದು. ಗಂಟಲಲ್ಲಿ ಸಲೀಸಾಗಿ ಇಳಿದದ್ದು ಅವರಿಗೆ ಕರುಳಲ್ಲಿ ನಿಲ್ಲಬಹುದು. ಹಳೆಯ ಸಕ್ಕರೆ ಕಾಯಿಲೆಯಿಂದ ಹೊಟ್ಟೆ ಖಾಲಿಯಾಗುವುದೇ ನಿಧಾನವಾಗಿರುವವರಿಗೆ, ಎರಡು ತುತ್ತಿಗೇ ಹೊಟ್ಟೆ ತುಂಬಿತು ಅನ್ನುವವರಿಗೆ ಈ ಲೋಳೆ ಇನ್ನಷ್ಟು ಭಾರ. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರು ಅಳೆದು ಕುಡಿಯಿರಿ ಅಂತ ಹೇಳಿಸಿಕೊಂಡವರಿಗೂ ಇದು ಹೊಂದುವುದಿಲ್ಲ, ಏಕೆಂದರೆ ನೀರಿಲ್ಲದೆ ಇದನ್ನು ತಗೊಳ್ಳುವ ಹಾಗಿಲ್ಲ.

ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ ಒಂದು ದೊಡ್ಡ ಚಮಚ ಸಾಕು ಅನ್ನುವುದು ನನ್ನ ಅಭಿಪ್ರಾಯ. ಅಷ್ಟು ಚಿಯಾದಲ್ಲೇ ಸುಮಾರು ನಾಲ್ಕು ಗ್ರಾಂ ನಾರು ಸಿಗುತ್ತದೆ. ಅಭ್ಯಾಸವಿಲ್ಲದವರು ಮೊದಲ ದಿನವೇ ಅಷ್ಟು ತಗೊಂಡರೆ ಹೊಟ್ಟೆ ಉಬ್ಬರ ಗ್ಯಾರಂಟಿ. ಅರ್ಧ ಟೀ ಚಮಚದಿಂದ ಶುರುಮಾಡಲಿ.

ಒಂದು ವೇಳೆ ಸಿಕ್ಕಿಕೊಂಡೇ ಬಿಟ್ಟರೆ ಎಲ್ಲಿ ಸಿಕ್ಕಿಕೊಂಡಿದೆ ಅನ್ನುವುದನ್ನು ಮೊದಲು ನೋಡಬೇಕು. ಮಾತಾಡಲು ಆಗುತ್ತಿಲ್ಲ, ಉಸಿರಾಡಲು ಆಗುತ್ತಿಲ್ಲ, ತುಟಿ ನೀಲಿಯಾಗುತ್ತಿದೆ ಅಂದರೆ ಶ್ವಾಸನಾಳ ಕಟ್ಟಿದೆ. ಮುಂದಕ್ಕೆ ಬಗ್ಗಿಸಿ ಬೆನ್ನಿನ ಮೇಲೆ, ಎರಡು ಭುಜದ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಸಲ ಗಟ್ಟಿಯಾಗಿ ಹೊಡೆಯಿರಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. ತೆರವಾಗುವವರೆಗೆ ಎರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ. ಪಕ್ಕದವರು 108ಕ್ಕೆ ಫೋನ್ ಮಾಡಲಿ. ಒಂದು ವರ್ಷದೊಳಗಿನ ಮಗುವಿಗೆ ಹೊಟ್ಟೆ ಒತ್ತಬಾರದು.

ಮಾತು, ಉಸಿರು ಸರಿಯಾಗಿದ್ದು ಎದೆಯ ನಡುವೆ ಏನೋ ನಿಂತಂತೆ ನೋವಿದ್ದರೆ ಅದು ಅನ್ನನಾಳದಲ್ಲಿದೆ. ಆಗ ಜನ ಮಾಡುವ ತಪ್ಪೆಂದರೆ ಇಳಿಯಲಿ ಅಂತ ನೀರಿನ ಮೇಲೆ ನೀರು ಕುಡಿಸುವುದು, ಅನ್ನದ ಉಂಡೆಯೋ ಬಾಳೆಹಣ್ಣೋ ನುಂಗಿಸುವುದು. ಸಿಕ್ಕಿಕೊಂಡಿರುವುದು ನೀರು ಕಂಡರೆ ಉಬ್ಬುವ ಪದಾರ್ಥ ಅನ್ನುವುದನ್ನು ಮರೆಯಬೇಡಿ. ಬಾಯಿಗೆ ಏನೂ ಕೊಡದೆ, ಬೆರಳು ಹಾಕಿ ವಾಂತಿ ಮಾಡಿಸದೆ, ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ತನ್ನ ಎಂಜಲನ್ನೂ ನುಂಗಲಾಗದೆ ಉಗುಳುತ್ತಿದ್ದರೆ ಅನ್ನನಾಳ ಪೂರ್ತಿ ಕಟ್ಟಿದೆ ಅಂತ ಲೆಕ್ಕ. ಬೆಳಿಗ್ಗೆ ನೋಡೋಣ ಅನ್ನಬೇಡಿ, ಆ ರಾತ್ರಿಯೇ ಹೋಗಬೇಕು. ಏನು ನುಂಗಿದ್ದು, ಎಷ್ಟು, ಎಷ್ಟು ಹೊತ್ತಾಯಿತು ಅಂತ ಡ್ಯೂಟಿ ಡಾಕ್ಟರಿಗೆ ಬಿಡಿಸಿ ಹೇಳಿ.

ಕೊನೆಗೆ ಮಾತ್ರೆಯ ವಿಷಯ. ಮನೆಯಲ್ಲಿ ಯಾರಾದರೂ ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರೆ ಅದರ ಜೊತೆಗೇ ಚಿಯಾ ನೀರು ಕುಡಿಯದಿರಲಿ. ನಾರಿನ ಲೋಳೆಯಲ್ಲಿ ಮಾತ್ರೆ ಸರಿಯಾಗಿ ಹೀರಿಕೊಳ್ಳದೆ ಹೋಗಬಹುದು. ಚಿಯಾ, ಸಬ್ಜಾ ಏನಿದ್ದರೂ ಮಧ್ಯಾಹ್ನವೋ ಸಂಜೆಯೋ ಕುಡಿಯಲಿ.